‘ಮುರುಗಲು’ ಅಂದ ತಕ್ಷಣ ಏನು ನೆನಪಾಗುತ್ತದೆ?

ಶಿರಸಿಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಮುರುಗಲು ಶರಬತ್ತು ಇಷ್ಟವೇ?’ ಎಂದು ಕೇಳಿ. ಹೆಚ್ಚಿನವರು ಹೌದು ಎನ್ನುತ್ತಾರೆ. ಹಾಗಾದರೆ ಅಂಗಡಿಯಲ್ಲಿ ಈ ಹಣ್ಣಿನ ಶರಬತ್ತಿನ ಬಾಟಲಿ ಯಾಕೆ ಹಾಗೇ ಕೂತಿರುತ್ತದೆ? ಬಿಬಿಎ, ಬಿಕಾಂ ಮಕ್ಕಳ ಗ್ರಾಹಕ ಸಂಶೋಧನೆಯ ಪ್ರಾಜೆಕ್ಟಿಗೆ ಇದು ಒಳ್ಳೆಯ ಪ್ರಶ್ನೆ. ಆದರೆ ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ.

1950ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೇಸನ್ ಹೇರ್ ಇದನ್ನು ತೋರಿಸಿದರು. ಇನ್‌ಸ್ಟಂಟ್ ಕಾಫಿ ಬೇಡ ಎಂದವರು ರುಚಿಯ ಕಾರಣ ಕೊಡುತ್ತಿದ್ದರು. ಹೇರ್ ಎರಡು ಸಾಮಾನು ಚೀಟಿ ಮಾಡಿದರು. ಕಾಫಿ ಬಿಟ್ಟು ಉಳಿದದ್ದೆಲ್ಲ ಒಂದೇ. ಒಬ್ಬೊಬ್ಬರಿಗೆ ಒಂದೇ ಚೀಟಿ ಕೊಟ್ಟು, ಇದನ್ನು ಬರೆದ ಹೆಂಗಸು ಎಂಥವಳು ಎಂದು ಕೇಳಿದರು. ಇನ್‌ಸ್ಟಂಟ್ ಕಾಫಿ ಇದ್ದ ಚೀಟಿ ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಅವಳು ಸೋಮಾರಿ ಎಂದರು. ತಮ್ಮ ಬಗ್ಗೆ ಹೇಳಲಾಗದ್ದು ಇನ್ನೊಬ್ಬರ ಬಗ್ಗೆ ಸಲೀಸಾಗಿ ಹೊರಬಂತು.

ನಮ್ಮ ಕೆಲಸಕ್ಕೆ ಇದಕ್ಕಿಂತ ಸುಲಭವಾದ ಪದ ಸಾಹಚರ್ಯ ಪರೀಕ್ಷೆ ಸಾಕು. ಒಂದು ಪದ ಹೇಳುವುದು, ಮನಸ್ಸಿಗೆ ಮೊದಲು ಬಂದ ಪದವನ್ನು ಅವರು ಹೇಳುವುದು, ಅಷ್ಟೇ. ಜೀವ ಇರುವುದು ಪಟ್ಟಿಯಲ್ಲಿ. 15 ಪದ ಬರೆದುಕೊಳ್ಳಿ. ನಮಗೆ ಬೇಕಾದವು ಐದು: ಮುರುಗಲು, ಶರಬತ್ತು, ಬಾಟಲಿ, ನೆಂಟರು, ಬಾಯಾರಿಕೆ. ಉಳಿದ ಹತ್ತು ಸುಮ್ನೆ ನಡುವೆ ಬರುವವು: ಕಿಟಕಿ, ಬಸ್ಸು, ಪುಸ್ತಕ, ಹೀಗೆ. ಅವಿಲ್ಲದಿದ್ದರೆ ವಿಷಯ ಏನೆಂದು ಎದುರಿನವರಿಗೆ ಗೊತ್ತಾಗಿ ಹುಷಾರಾಗಿ ಮಾತಾಡುತ್ತಾರೆ. ಬೇಕಾದ ಎರಡು ಪದ ಪಕ್ಕಪಕ್ಕ ಬರಬಾರದು. ‘ಬಾಯಾರಿಕೆ’ಯ ಬೆನ್ನಿಗೇ ‘ಮುರುಗಲು’ ಎಂದರೆ ‘ತಂಪು’ ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟಂತೆ.

ಇಲ್ಲಿ ಹೆಸರಿನದೇ ಒಂದು ತೊಡಕು ಇದೆ. ಮನೆಯಲ್ಲಿ ಮುರುಗಲು, ಬಾಟಲಿಯ ಮೇಲೆ ಕೋಕಂ, ಕಾರವಾರದ ಕೊಂಕಣಿ ಮನೆಗಳಲ್ಲಿ ಭಿರಿಂಡ. ಹಣ್ಣು ಒಂದೇ, ಆದರೆ ನೆನಪು ಒಂದೇ ಅಲ್ಲ. ಹಾಗಾಗಿ 20 ಜನರಲ್ಲಿ ಹತ್ತು ಮಂದಿಗೆ ‘ಮುರುಗಲು’, ಹತ್ತು ಮಂದಿಗೆ ‘ಕೋಕಂ’ ಎಂದು ಹೇಳಿ. ನನ್ನ ಪ್ರಕಾರ ಇಡೀ ಪ್ರಾಜೆಕ್ಟಿನಲ್ಲಿ ಹೆಚ್ಚು ಕಲಿಸುವ ಭಾಗ ಇದೇ.

ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ. ಗೆಳೆಯರು ಪಕ್ಕದಲ್ಲಿದ್ದರೆ ಉತ್ತರ ಅವರಿಗಾಗಿ ಬರುತ್ತದೆ. ಮೊದಲು ಎರಡು ಮೂರು ಪದಗಳಲ್ಲಿ ಅಭ್ಯಾಸ ಮಾಡಿಸಿ. ಅವರು ಹೇಳಿದ ಪದವನ್ನು ಅವರದೇ ಮಾತಿನಲ್ಲಿ ಬರೆಯಿರಿ, ತಿದ್ದಬೇಡಿ. ಇನ್ನೊಬ್ಬರು ಮೊಬೈಲಿನಲ್ಲಿ ಸಮಯ ನೋಡಲಿ. ಮೂರು ಸೆಕೆಂಡಿಗಿಂತ ಜಾಸ್ತಿ ತಡವಾದರೆ, ಅಥವಾ ಉತ್ತರವೇ ಬರದಿದ್ದರೆ, ಗುರುತು ಹಾಕಿ. ಆ ಪದ ಎಲ್ಲೋ ತಟ್ಟಿದೆ, ಅಥವಾ ಅದರ ಪರಿಚಯವೇ ಇಲ್ಲ. ಯಾವುದು ಎಂದು ಕೊನೆಯಲ್ಲಿ ಕೇಳಿ.

‘ಮುರುಗಲು’ ಎಂದಾಗ ಹತ್ತರಲ್ಲಿ ಆರು ಜನ ಅಜ್ಜಿ, ಅಂಗಳ, ಒಣಸುವುದು, ಸಾರು ಎಂಬಂಥ ಪದ ಹೇಳಿದರು ಎಂದುಕೊಳ್ಳೋಣ. ‘ಕೋಕಂ’ ಎಂದಾಗ ಸಕ್ಕರೆ, ಬಣ್ಣ, ಅಂಗಡಿ ಬಂದವು. ಜನರಿಗೆ ಇದು ಇಷ್ಟವೇ, ಆದರೆ ದುಡ್ಡು ಕೊಟ್ಟು ತರುವಂಥದ್ದಲ್ಲ ಎಂಬ ಊಹೆ ಇಲ್ಲಿ ಹುಟ್ಟುತ್ತದೆ. ಊಹೆ ಮಾತ್ರ. 20 ಜನರ ಉತ್ತರವನ್ನು ಶೇಕಡಾವಾರು ಮಾಡಿ ಇಡೀ ಶಿರಸಿಗೆ ಅಂಟಿಸಬೇಡಿ. ಇನ್ನು ‘ಹುಳಿ’ ಎಂಬ ಉತ್ತರ ಒಳ್ಳೆಯದೋ ಕೆಟ್ಟದ್ದೋ? ಇಬ್ಬರು ಬೇರೆ ಬೇರೆ ಕೂತು ವಿಂಗಡಿಸಿ, ಆಮೇಲೆ ಹೋಲಿಸಿ. ಪದೇ ಪದೇ ಭಿನ್ನಾಭಿಪ್ರಾಯ ಬಂದರೆ ನಿಮ್ಮ ವಿಂಗಡಣೆಯ ನಿಯಮವೇ ಸರಿಯಿಲ್ಲ.

ಊಹೆಯ ಇನ್ನೊಂದು ಕೊನೆ ಅಂಗಡಿಯಲ್ಲಿದೆ. ಅಲ್ಲಿ ಮಾರುವವರೇ ಬಾಟಲಿ ತೋರಿಸದಿದ್ದರೆ? ಇದಕ್ಕೆ ಮಿಸ್ಟರಿ ಶಾಪಿಂಗ್, ಅಂದರೆ ಗಿರಾಕಿಯಂತೆ ಹೋಗಿ ಗಮನಿಸುವುದು. ಐದು ಅಂಗಡಿಯ ಮಾಲೀಕರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮುರುಗಲಿನ ಸುದ್ದಿ ಬೇಡ, ದಿನವನ್ನೂ ಹೇಳಬೇಡಿ. ಮಾರಿಕಾಂಬಾ ಜಾತ್ರೆಯ ದಿನಗಳನ್ನು ಬಿಡಿ, ಆಗ ಯಾವ ಅಂಗಡಿಯೂ ಎಂದಿನಂತೆ ಇರುವುದಿಲ್ಲ.

ಎಲ್ಲ ಕಡೆ ಒಂದೇ ಮಾತು: ‘ಅಣ್ಣಾ, ಮನೆಗೆ ನೆಂಟರು ಬಂದಿದ್ದಾರೆ, ತಂಪಾಗಿ ಕುಡಿಯೋಕೆ ಏನಿದೆ?’ ಮುರುಗಲು ಎಂದು ನೀವಾಗಿ ಹೇಳಬೇಡಿ. ಮೊದಲು ಯಾವುದನ್ನು ತೋರಿಸಿದರು, ಮುರುಗಲು ಬಾಟಲಿ ಕಣ್ಣಿಗೆ ಬಿತ್ತೇ, ಕೈಗೆ ಸಿಗುವಂತಿತ್ತೇ, ಇಷ್ಟು ನೋಡಿ. ಏನಾದರೂ ಕೊಂಡು ಬನ್ನಿ, ಅವರ ಹೊತ್ತಿಗೂ ಬೆಲೆ ಇದೆ, ಅಲ್ವಾ? ಹೊರಗೆ ಬಂದು ಹತ್ತು ನಿಮಿಷದೊಳಗೆ ಹಾಳೆ ತುಂಬಿ. ಸಂಜೆಗೆ ಅಂತ ಬಿಟ್ಟರೆ ಎರಡು ಅಂಗಡಿ ಕಲಸಿಹೋಗುತ್ತವೆ.

‘ಅಸಡ್ಡೆ ಮಾಡಿದರು’ ಎಂದು ಬರೆಯಬೇಡಿ. ‘ಫೋನಿನಲ್ಲಿದ್ದರು, ತಲೆ ಎತ್ತಲು ಒಂದು ನಿಮಿಷವಾಯಿತು’ ಎಂದು ಬರೆಯಿರಿ. ಮೊದಲನೆಯದು ನಿಮ್ಮ ಮನಸ್ಸು, ಎರಡನೆಯದು ನೀವು ಕಂಡದ್ದು. ಒಂದೇ ಭೇಟಿ ಆ ಗಳಿಗೆಯ ಚಿತ್ರ ಮಾತ್ರ, ಹಾಗಾಗಿ ಬೇರೆ ಹೊತ್ತಿನಲ್ಲಿ ಇನ್ನೊಬ್ಬರು ಹೋಗಲಿ. ವರದಿಯಲ್ಲಿ ಅಂಗಡಿ 1, ಅಂಗಡಿ 2 ಎಂದಷ್ಟೇ ಇರಲಿ. ಅಲ್ಲಿ ದುಡಿಯುವ ಹುಡುಗನ ಗುರುತು ಎಲ್ಲೂ ಬರಬಾರದು, ನಿಮ್ಮ ಅಂಕಕ್ಕಾಗಿ ಅವನ ಕೆಲಸ ಹೋಗಬಾರದು.

ಐದರಲ್ಲಿ ನಾಲ್ಕು ಕಡೆ ಬಾಟಲಿ ಮೇಲಿನ ಹಲಗೆಯಲ್ಲಿ, ಧೂಳಿನಲ್ಲಿ ಕಂಡರೆ ‘ಜನಕ್ಕೆ ಬೇಡ’ ಎಂಬ ತೀರ್ಮಾನಕ್ಕೆ ಬರಬೇಡಿ. ಕೊಳ್ಳುವವರು ಕೇಳುವುದಿಲ್ಲ ಅಂತ ಮಾರುವವರು ತೋರಿಸುತ್ತಿಲ್ಲವೋ, ತೋರಿಸದ್ದಕ್ಕೆ ಇವರು ಕೇಳುತ್ತಿಲ್ಲವೋ ಎಂಬುದು ಈ ಎರಡು ವಿಧಾನಗಳಿಂದ ತಿಳಿಯದು. ಅದಕ್ಕೆ ಮಾಲೀಕರ ಒಪ್ಪಿಗೆ ಪಡೆದು ಎರಡು ಅಂಗಡಿಗಳಲ್ಲಿ ಬಾಟಲಿಯನ್ನು ಎರಡು ವಾರ ಗಲ್ಲಾಪೆಟ್ಟಿಗೆಯ ಪಕ್ಕ ಇಡಿಸಿ, ಉಳಿದ ಕಡೆ ಹಾಗೇ ಬಿಟ್ಟು, ಎಷ್ಟು ಹೋದವು ಎಂದು ಎಣಿಸಬೇಕು.