ರೆಸ್ಯೂಮ್ ಫೈಲಿಗೆ ಹೆಸರಿಡೋದು, ಪಿಡಿಎಫ್ ಮಾಡೋದು, ಫೋನಲ್ಲಿ ನೋಡೋದು: ನನ್ನ ಅನುಭವ

ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಡಿಟಿಪಿ, ಜೆರಾಕ್ಸ್ ಅಂಗಡಿ. ಡಿಗ್ರಿ ಮುಗಿಸಿದವರು, ಐಟಿಐ ಹುಡುಗರು, ಶಾಲೆ ಬದಲಿಸುವ ಟೀಚರ್‌ಗಳು ರೆಸ್ಯೂಮ್ ಮಾಡಿಸಲು ಬರುತ್ತಾರೆ. ಒಳಗೆ ಏನು ಬರೆಯಬೇಕು ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಬರೆದಾದ ಮೇಲೆ ಆ ಫೈಲನ್ನು ಹೇಗೆ ಸೇವ್ ಮಾಡಿ ಹೇಗೆ ಕಳಿಸಬೇಕು ಅನ್ನೋದನ್ನಷ್ಟೇ ನಾನಿಲ್ಲಿ ಹೇಳುತ್ತೇನೆ, ಒಬ್ಬ ಕನ್ನಡ ಟೀಚರ್‌ಗೆ ಮಾಡಿಕೊಟ್ಟ ಕೆಲಸವನ್ನೇ ಮುಂದಿಟ್ಟುಕೊಂಡು. ಅವರ ಹೆಸರು ಕವಿತಾ ಎಸ್. ಅಂತ ಇಟ್ಟುಕೊಳ್ಳಿ, ನಿಜವಾದ ಹೆಸರಲ್ಲ.

ಅವರು ಪೆನ್ ಡ್ರೈವಲ್ಲಿ ತಂದ ಫೈಲಿನ ಹೆಸರು `CURRICULUM VITAE.docx`. ಅದು ಅವರು ಇಟ್ಟ ಹೆಸರಲ್ಲ. ಮೊದಲ ಸಲ ಸೇವ್ ಮಾಡುವಾಗ ವರ್ಡ್ ಪುಟದ ಮೊದಲ ಸಾಲನ್ನೇ ಫೈಲಿನ ಹೆಸರಾಗಿ ಮುಂದಿಡುತ್ತದೆ. ಮೊದಲ ಸಾಲಲ್ಲಿ ಹಾಗೆ ಬರೆದಿದ್ದವರ ಫೈಲಿಗೆಲ್ಲ ಅದೇ ಹೆಸರು. ಈಗ ಶಾಲೆಯ ಆಫೀಸಲ್ಲಿ ಕೂತ ಕ್ಲರ್ಕ್ ಫೋನನ್ನು ನೆನೆಸಿಕೊಳ್ಳಿ. ಅದೇ ಹೆಸರಿನ ಫೈಲುಗಳು ಒಂದರ ಹಿಂದೆ ಒಂದು ಇಳಿದು, `CURRICULUM VITAE (1)`, `(2)`, `(3)` ಅಂತ ಸಾಲಾಗಿ ಕೂತಿರುತ್ತವೆ. ಎರಡು ದಿನ ಬಿಟ್ಟು ಹೆಡ್ ಮಾಸ್ಟರ್ "ಆ ಕನ್ನಡ ಟೀಚರ್ದು ತೆಗೀರಿ" ಅಂದರೆ ಯಾವುದನ್ನು ತೆಗೆಯೋದು?

ಹಾಗಾಗಿ ಕಳಿಸುವ ಫೈಲಿಗೆ ನಾವು ಇಟ್ಟ ಹೆಸರು ಇದು: `Kavitha_S_Kannada_Teacher.pdf`. ಮೊದಲು ಹೆಸರು, ಆಮೇಲೆ ಕೆಲಸ. ಈ ಕ್ರಮಕ್ಕೆ ಕಾರಣ ಇದೆ. ಫೋನಲ್ಲಿ ಉದ್ದದ ಹೆಸರನ್ನು ಪೂರ್ತಿ ತೋರಿಸುವುದಿಲ್ಲ, ಸ್ವಲ್ಪ ತೋರಿಸಿ ಚುಕ್ಕಿ ಹಾಕಿಬಿಡುತ್ತದೆ. `Resume_for_the_post_of` ಅಂತ ಶುರು ಮಾಡಿದರೆ ಕಾಣೋದು ಅಷ್ಟೇ, ಮುಖ್ಯವಾದದ್ದು ಚುಕ್ಕಿಯ ಆಚೆ ಹೋಗುತ್ತದೆ. ಹೆಸರನ್ನು ಅರ್ಜಿಯಲ್ಲಿ, ಮಾರ್ಕ್ಸ್ ಕಾರ್ಡಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು. ನಮ್ಮಲ್ಲಿ ಇನಿಷಿಯಲ್ ಒಬ್ಬರಿಗೆ ಮುಂದೆ, ಒಬ್ಬರಿಗೆ ಹಿಂದೆ. ಅದನ್ನು ಫೈಲಿಗೋಸ್ಕರ ಬದಲಿಸಬೇಡಿ. ಆದರೆ ಇನಿಷಿಯಲ್ ನಡುವೆ ಚುಕ್ಕಿ ಬೇಡ, ಕೆಳಗಿನ ಗೆರೆ ಸಾಕು. ಚುಕ್ಕಿ ಆದಮೇಲೆ ಬರೋದು ಫೈಲಿನ ಜಾತಿ ಅಂತ ಕೆಲವು ಹಳೇ ವೆಬ್‌ಸೈಟುಗಳು ಓದಿಕೊಳ್ಳುತ್ತವೆ. `/`, `:`, `?` ಇವನ್ನು ವಿಂಡೋಸೇ ಒಪ್ಪುವುದಿಲ್ಲ. ಫೋನ್ ನಂಬರು, ಹುಟ್ಟಿದ ದಿನ ಹೆಸರಲ್ಲಿ ಬೇಡವೇ ಬೇಡ. ಒಳಗಿನದ್ದನ್ನು ತೆರೆಯದೇ ಇರೋರಿಗೂ ಅದು ಕಾಣುತ್ತದೆ.

"ಕನ್ನಡ ಟೀಚರ್ ಅಲ್ವಾ ಸರ್, ಹೆಸರು ಕನ್ನಡದಲ್ಲೇ ಇಡಬಹುದಲ್ಲ?" ಅಂತ ಅವರು ಕೇಳಿದರು. ಇಡಬಹುದು, ವಾಟ್ಸಾಪಲ್ಲಿ ಚೆನ್ನಾಗೇ ಕಾಣುತ್ತದೆ. ಆದರೆ ವೆಬ್‌ಸೈಟಿಗೆ ಹಾಕಿದಾಗ ಎಷ್ಟೋ ಕಡೆ ಒಂದೊಂದು ಕನ್ನಡ ಅಕ್ಷರವೂ `%E0%B2%95` ಥರ ಮೂರು ತುಂಡಾಗುತ್ತದೆ, ಹೆಸರು ಒಂದು ಗಜ ಉದ್ದವಾಗಿ ಯಾರಿಗೂ ಓದಲು ಬರದ ಹಾಗಾಗುತ್ತದೆ. ನನಗೂ ಕನ್ನಡದಲ್ಲೇ ಇಡುವಾಸೆ. ಆದರೂ ಕಳಿಸುವ ಫೈಲಿಗೆ ಇಂಗ್ಲಿಷ್ ಅಕ್ಷರವೇ ಇರಲಿ ಅಂತ ಹೇಳುತ್ತೇನೆ.

ಮೂಲ ಫೈಲಿನ ಹೆಸರು ಬೇರೆ: `Kavitha_S_Resume_2025-06.docx`. ಇದು ಅವರಿಗೆ ಮಾತ್ರ. ವರ್ಷ ಮುಂದೆ, ತಿಂಗಳು ಹಿಂದೆ ಹಾಕಿದರೆ ಫೈಲುಗಳು ತಾವಾಗೇ ಕ್ರಮವಾಗಿ ಕೂರುತ್ತವೆ. `final`, `final new` ಅಂತ ಇಡುವ ಗೋಜೇ ಇರುವುದಿಲ್ಲ. ಕಳಿಸುವ ಪಿಡಿಎಫ್ ಮೇಲೆ ಮಾತ್ರ ನಾನು ತಾರೀಕು ಹಾಕುವುದಿಲ್ಲ, ಆರು ತಿಂಗಳು ಬಿಟ್ಟು ಯಾರಾದರೂ ತೆಗೆದರೆ ಹಳಸಿದ್ದು ಅನ್ನಿಸಬಾರದು. ಈ ಮೂಲ ವರ್ಡ್ ಫೈಲನ್ನು ಅವರ ಮೇಲ್‌ಗೇ ಕಳಿಸಿ, ಸೇರಿತಾ ಅಂತ ನೋಡಿದ ಮೇಲೇ ನಮ್ಮ ಕಂಪ್ಯೂಟರಿಂದ ಅಳಿಸುತ್ತೇನೆ. ಬರೀ ಪಿಡಿಎಫ್ ಇಟ್ಟುಕೊಂಡು ಒಂದು ಸಾಲು ಬದಲಿಸಲು ಬರೋರು ಜಾಸ್ತಿ. ವರ್ಡಲ್ಲಿ ಪಿಡಿಎಫ್ ತೆರೆಯಲು ಬರುತ್ತದೆ, ನಿಜ, ಆದರೆ ಟೇಬಲ್ಲು, ಗೆರೆ ಎಲ್ಲ ಕದಲಿ ಮತ್ತೆ ಹೊಸದಾಗಿ ಟೈಪ್ ಮಾಡಿದಷ್ಟೇ ಕೆಲಸ ಬೀಳುತ್ತದೆ.

ಇನ್ನು ಪಿಡಿಎಫಾ ವರ್ಡಾ ಅನ್ನೋದು. ಮೇಡಂ ಫೈಲನ್ನು ನಾನು ಹಾಗೇ ನನ್ನ ಫೋನಿಗೆ ಕಳಿಸಿ ತೆರೆದೆ. ಅವರ ಎರಡು ಪ್ರಕಟಿತ ಲೇಖನಗಳ ಹೆಸರು, "ಮಾತೃಭಾಷೆ: ಕನ್ನಡ" ಅನ್ನುವ ಸಾಲು, ಇವೆಲ್ಲ ನುಡಿ ಫಾಂಟಲ್ಲಿ ಟೈಪ್ ಆಗಿದ್ದವು. ಫೋನಲ್ಲಿ "ಕನ್ನಡ" ಇದ್ದ ಜಾಗದಲ್ಲಿ `PÀ£ÀßqÀ` ಅಂತ ಬಂತು. "ಅಯ್ಯೋ, ಎರಡು ಶಾಲೆಗೆ ಇದನ್ನೇ ಕಳಿಸಿದ್ದೀನಲ್ಲ ಸರ್" ಅಂದರು. ಆಗೋದು ಇಷ್ಟೇ. ಹಳೇ ನುಡಿ ಫಾಂಟುಗಳಲ್ಲಿ ಫೈಲಿನ ಒಳಗಿರೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳು. ಅವಕ್ಕೆ ಕನ್ನಡದ ರೂಪ ಕೊಡೋದು ಫಾಂಟು. ಫಾಂಟು ಇರೋ ಕಂಪ್ಯೂಟರಲ್ಲಿ ಸರಿ, ಫೋನಲ್ಲಿ ಆ ಫಾಂಟು ಎಲ್ಲಿಂದ ಬರಬೇಕು?

ಪಿಡಿಎಫ್ ಮಾಡಿದರೆ ಬಳಸಿದ ಅಕ್ಷರಗಳ ಆಕಾರ ಫೈಲಿನ ಜೊತೆಗೇ ಹೋಗುತ್ತದೆ, ಆದ್ದರಿಂದ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಅಷ್ಟಕ್ಕೇ ಬಿಡಬಾರದು ಅಂತ ನನ್ನ ಅಭಿಪ್ರಾಯ. ಅದೇ ಪಿಡಿಎಫಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಮತ್ತೆ ಅದೇ `PÀ£ÀßqÀ`. ಅದಕ್ಕೇ ಮೊದಲು ಆ ಸಾಲುಗಳನ್ನು ನುಡಿಯ ಪರಿವರ್ತಕದಲ್ಲಿ ಯೂನಿಕೋಡಿಗೆ, ಅಂದರೆ ಫೈಲಿನ ಒಳಗೂ ನಿಜವಾದ ಕನ್ನಡ ಅಕ್ಷರವೇ ಇರುವ ಹಾಗೆ, ಬದಲಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ, `Nirmala UI` ಫಾಂಟ್ ಕೊಟ್ಟೆ. ಯೂನಿಕೋಡ್ ಆದರೂ ಪಿಡಿಎಫಿಂದ ಕಾಪಿ ಮಾಡುವಾಗ ಕನ್ನಡದ ಒತ್ತು, ಗುಣಿತ ಕೆಲವೊಮ್ಮೆ ಹಿಂದೆ ಮುಂದೆ ಆಗುತ್ತವೆ. ಹಾಗಾಗಿ ಹೆಸರು, ವಿಷಯ, ಡಿಗ್ರಿ ಇವು ಪುಟದಲ್ಲಿ ಇಂಗ್ಲಿಷಲ್ಲೂ ಇರಲಿ.

ಪೂರ್ತಿ ಇಂಗ್ಲಿಷಲ್ಲಿರುವ ರೆಸ್ಯೂಮಿಗೂ ವರ್ಡ್ ಫೈಲ್ ಫೋನಲ್ಲಿ ಕೈ ಕೊಡುತ್ತದೆ. ಫಾಂಟ್ ಸಿಗದಿದ್ದರೆ ಫೋನು ಬೇರೆಯದನ್ನು ಹಾಕಿಕೊಳ್ಳುತ್ತದೆ, ಅಕ್ಷರದ ಅಗಲ ಸ್ವಲ್ಪ ಬದಲಾದರೂ ಸಾಲು ಮುರಿಯುವ ಜಾಗ ಬದಲಾಗಿ, ಒಂದು ಪುಟದ್ದು ಎರಡನೇ ಪುಟಕ್ಕೆ ಮೂರು ಸಾಲು ಚೆಲ್ಲುತ್ತದೆ. ಬುಲೆಟ್ ಇದ್ದ ಕಡೆ ಖಾಲಿ ಡಬ್ಬಿ ಬರುತ್ತದೆ. ಊರಿನ ಹೆಸರು, ಮನುಷ್ಯರ ಹೆಸರುಗಳ ಕೆಳಗೆಲ್ಲ ಕೆಂಪು ಗೆರೆ.

ಪಿಡಿಎಫ್ ಮಾಡಲು `F12` ಒತ್ತಿ, `Save as type` ಅನ್ನುವಲ್ಲಿ `PDF` ಆರಿಸಿದರೆ ಆಯಿತು. ಹೆಸರಿನ ತುದಿಯಲ್ಲಿ `.docx` ಅಳಿಸಿ `.pdf` ಅಂತ ಬರೆದರೆ ಪಿಡಿಎಫ್ ಆಗುವುದಿಲ್ಲ, ಆ ಫೈಲು ತೆರೆಯುವುದೇ ಇಲ್ಲ. ಪ್ರಿಂಟ್ ಮೂಲಕ `Microsoft Print to PDF` ಕೊಡುವವರೂ ಇದ್ದಾರೆ. ಪುಟ ಸರಿಯಾಗೇ ಬರುತ್ತದೆ, ಲಿಂಕುಗಳು ಮಾತ್ರ ಸತ್ತು ಹೋಗುತ್ತವೆ. ಫೋನಲ್ಲಿ ನೋಡುವವರಿಗೆ ಲಿಂಕ್ ತುಂಬಾ ಉಪಯೋಗ. ಮೇಡಂ ನಂಬರನ್ನು ಸೆಲೆಕ್ಟ್ ಮಾಡಿ, ಲಿಂಕ್ ಹಾಕುವ ಜಾಗದಲ್ಲಿ `tel:+91` ಬರೆದು ಅದಕ್ಕೆ ಅಂಟಿಸಿ ಹತ್ತು ಅಂಕಿ ಹಾಕಿದೆ, ನಡುವೆ ಜಾಗ ಬಿಡದೆ. ಈಗ ನಂಬರ್ ಮುಟ್ಟಿದರೆ ಸೀದಾ ಕಾಲ್ ಮಾಡುವ ಪರದೆ ಬರುತ್ತದೆ.

ಸೇವ್ ಮಾಡುವ ಮುಂಚೆ `File`, `Info` ಒಳಗೆ ಹೋಗಿ `Title` ಮತ್ತು `Author` ನೋಡಿ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಬ್ರೌಸರಲ್ಲಿ ಪಿಡಿಎಫ್ ತೆರೆದಾಗ ಮೇಲಿನ ಟ್ಯಾಬಲ್ಲಿ ಬರೋದು ಎಷ್ಟೋ ಸಲ ಫೈಲಿನ ಹೆಸರಲ್ಲ, ಈ `Title`. ಗೆಳತಿಯ ಫೈಲನ್ನೇ ತಿದ್ದಿ ಮಾಡಿಕೊಂಡಿದ್ದರೆ ಗೆಳತಿಯ ಹೆಸರು ಅಲ್ಲೇ ಉಳಿದಿರುತ್ತದೆ. ಮೇಡಂ ಫೈಲಲ್ಲಿ `Author` ಜಾಗದಲ್ಲಿ ಯಾವುದೋ ಸೈಬರ್ ಸೆಂಟರಿನ ಹೆಸರಿತ್ತು. ಎರಡೂ ಕಡೆ ಅವರ ಹೆಸರೇ ಹಾಕಿದೆ.

ಆಮೇಲೆ ಫೋನು. ಎ4 ಹಾಳೆ 21 ಸೆಂಟಿಮೀಟರ್ ಅಗಲ. ಫೋನಿನ ಪರದೆ ಹೆಚ್ಚುಕಮ್ಮಿ 7. ಅಂದರೆ ಹಾಳೆ ಮೂರರಲ್ಲಿ ಒಂದು ಭಾಗಕ್ಕೆ ಕುಗ್ಗುತ್ತದೆ, ನೀವು ಕೊಟ್ಟ 9 ಪಾಯಿಂಟ್ ಅಕ್ಷರ 3 ಪಾಯಿಂಟ್ ಆಗಿ ಕಾಣುತ್ತದೆ. ಯಾರಿಗೆ ಓದಲು ಬರುತ್ತದೆ ಹೇಳಿ. ಮೇಡಂ ಬಳಸಿದ್ದು ಎರಡು ಕಾಲಮ್ಮಿನ ಬಣ್ಣದ ಟೆಂಪ್ಲೇಟು, ಎಡಗಡೆ ಪಟ್ಟಿಯಲ್ಲಿ ಫೋಟೋ, ನಂಬರು. ಬಲಗಡೆಯದನ್ನು ದೊಡ್ಡದು ಮಾಡಿದರೆ ಎಡಗಡೆಯದು ಪರದೆಯಿಂದ ಆಚೆ ಹೋಗುತ್ತಿತ್ತು, ಬೆರಳಲ್ಲಿ ಅತ್ತಿಂದಿತ್ತ ಎಳೆಯುತ್ತಲೇ ಇರಬೇಕು. ಅದನ್ನು ತೆಗೆದು ಒಂದೇ ಕಾಲಮ್ ಮಾಡಿದೆ. ಅಕ್ಷರ 12 ಪಾಯಿಂಟ್, ಸುತ್ತ ಮಾರ್ಜಿನ್ 1.8 ಸೆಂಟಿಮೀಟರ್, ಹೆಸರು, ಕಲಿಸುವ ವಿಷಯ, ನಂಬರು ಮೂರೂ ಪುಟದ ತಲೆಯಲ್ಲಿ. ಪುಟ ಎರಡಾಯಿತು, ಆಗಲಿ ಬಿಡಿ. ಒಂದೇ ಪುಟಕ್ಕೆ ತುರುಕಲು ಅಕ್ಷರ ಚಿಕ್ಕದು ಮಾಡುವುದಕ್ಕಿಂತ ಅದು ವಾಸಿ.

ನೋಡೋದು ಹೇಗೆ ಅಂದರೆ, ಮಾಡಿದ ಕಂಪ್ಯೂಟರಲ್ಲಿ ನೋಡಿ ಪ್ರಯೋಜನ ಇಲ್ಲ, ಅಲ್ಲಿ ಎಲ್ಲ ಫಾಂಟೂ ಇರುತ್ತದೆ. ಫೈಲನ್ನು ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸಬೇಕು, ಫೋಟೋ ತೆಗೆದು ಕಳಿಸಿದರೆ ಅದು ಕುಗ್ಗಿಸಿ ಮಸುಕು ಮಾಡುತ್ತದೆ. ನಾನು ನಮ್ಮ ಅಂಗಡಿ ಹುಡುಗನ ಹಳೇ ಫೋನಿಗೆ ಒಂದು ಸಲ ವಾಟ್ಸಾಪಲ್ಲಿ, ಒಂದು ಸಲ ಮೇಲ್‌ನಲ್ಲಿ ಕಳಿಸಿ ಎರಡು ಕಡೆಯಿಂದಲೂ ತೆರೆಯುತ್ತೇನೆ. ದೊಡ್ಡದು ಮಾಡದೆ ಹೆಸರು, ವಿಷಯ, ನಂಬರು ಓದಲು ಬರುತ್ತಾ ನೋಡುತ್ತೇನೆ. ನಂಬರ್ ಮುಟ್ಟುತ್ತೇನೆ. ಒಂದು ಸಾಲಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿಯುತ್ತೇನೆ. ಅಕ್ಷರ ಸೆಲೆಕ್ಟ್ ಆದರೆ ಅದು ನಿಜವಾದ ಟೆಕ್ಸ್ಟ್. ಆಗದಿದ್ದರೆ ಹೆಚ್ಚಾಗಿ ಅದು ಸ್ಕ್ಯಾನ್ ಮಾಡಿದ ಚಿತ್ರ, ಅದರಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ವಾಟ್ಸಾಪ್ ಫೈಲನ್ನು `DOC-20250612-WA0007` ಥರದ ಹೆಸರಲ್ಲಿ ಇಟ್ಟುಕೊಳ್ಳುತ್ತದೆ, ನಾವಿಟ್ಟ ಹೆಸರು ಹೋಯಿತು. ಆಗ ಗುರುತು ಹಿಡಿಯಲು ಉಳಿಯೋದು ಪುಟದ ತಲೆಯಲ್ಲಿರುವ ಹೆಸರು ಮಾತ್ರ, ಅದಕ್ಕೇ ಅಲ್ಲಿ `CURRICULUM VITAE` ಬದಲು ದೊಡ್ಡದಾಗಿ ಅವರ ಹೆಸರೇ ಇರಬೇಕು.

ಡ್ರೈವ್ ಲಿಂಕ್ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಪರ್ಮಿಷನ್ ಕೊಡಲು ಮರೆತರೆ ಆ ಕಡೆಯವರಿಗೆ ಪರ್ಮಿಷನ್ ಕೇಳಿ ಅನ್ನುವ ಪುಟ ಬರುತ್ತದೆ, ಕೇಳಿಕೊಂಡು ಕೂರುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ.

ವರ್ಡ್ ಫೈಲೇ ಬೇಕು ಅಂತ ಕೇಳುವವರೂ ಇದ್ದಾರೆ, ಮುಖ್ಯವಾಗಿ ಕನ್ಸಲ್ಟೆನ್ಸಿಯವರು. ನಿಮ್ಮ ನಂಬರ್ ತೆಗೆದು ತಮ್ಮ ಲೆಟರ್‌ಹೆಡ್ ಹಾಕಿ ಕಂಪನಿಗೆ ಕಳಿಸುವುದು ಅವರ ಪದ್ಧತಿ. ಕೇಳಿದರೆ ಕೊಡಿ. ಜೊತೆಗೆ ಪಿಡಿಎಫ್ ಕೂಡ ಕಳಿಸಿ, ಮೂಲದಲ್ಲಿ ಏನಿತ್ತು ಅನ್ನೋದಕ್ಕೆ ನಿಮ್ಮ ಹತ್ತಿರ ಒಂದು ಆಧಾರ ಇರುತ್ತದೆ. ಕಳಿಸುವ ಮುಂಚೆ `Review` ಒಳಗೆ ಹೋಗಿ ಹಳೇ ಕಾಮೆಂಟು, ಟ್ರ್ಯಾಕ್ ಚೇಂಜಸ್ ಏನಾದರೂ ಉಳಿದಿದೆಯಾ ನೋಡಿ ತೆಗೆಯಿರಿ. ವೆಬ್‌ಸೈಟಲ್ಲಿ ಅರ್ಜಿ ಹಾಕುವಾಗ ಯಾವ ಫೈಲು, ಎಷ್ಟು ಎಂಬಿ ಅಂತ ಅಪ್‌ಲೋಡ್ ಬಟನ್ ಹತ್ತಿರವೇ ಸಾಮಾನ್ಯವಾಗಿ ಬರೆದಿರುತ್ತದೆ, ಅಲ್ಲಿ ಹೇಳಿದ್ದನ್ನೇ ಹಾಕಿ.