ಲೇಬಲ್ ಮಾಯವಾದ ಮೇಲೆ ಪರದೆಯಲ್ಲಿ ಉಳಿದದ್ದು

ನಾನು ಬೆಂಗಳೂರಿನಲ್ಲಿ, ನಿಲ್ದಾಣದ ಸುತ್ತ ಏರುವ, ಇಳಿಯುವ ವಿಮಾನಗಳಿಗೆ ದಾರಿ ಹೇಳುವ ಅಪ್ರೋಚ್ ಕಂಟ್ರೋಲರ್ ಆಗಿದ್ದಾಗಿನ ಮಾತು. ಮಳೆಗಾಲದ ಒಂದು ಸಂಜೆ. ಹುಬ್ಬಳ್ಳಿ ಕಡೆಗೆ ಹೊರಟ ಎಟಿಆರ್ ವಿಮಾನವೊಂದು ಮೇಲೇರುತ್ತಿತ್ತು. ಪರದೆಯಲ್ಲಿ ಅದರ ಪಕ್ಕದಲ್ಲಿ ಲೇಬಲ್ ಇತ್ತು: ವಿಮಾನದ ಹೆಸರು, ಎತ್ತರ 098 (ಅಂದರೆ 9,800 ಅಡಿ), ವೇಗ. ರೇಡಾರ್‌ನ ಮುಂದಿನ ಸುತ್ತಿಗೆ ಲೇಬಲ್ ಇಲ್ಲ. ಅದಿದ್ದ ಜಾಗದಲ್ಲಿ ಒಂದು ಸಣ್ಣ ಚುಕ್ಕೆ ಮಾತ್ರ ಉಳಿಯಿತು.

ಅದೇ ದಾರಿಯಲ್ಲಿ ಎದುರಿನಿಂದ ಇನ್ನೊಂದು ವಿಮಾನ ಇಳಿದು ಬರುತ್ತಿತ್ತು. ಅದಕ್ಕೆ 12,000 ಅಡಿಯ ಮಟ್ಟದವರೆಗೆ ಇಳಿಯಲು ಹೇಳಿದ್ದೆ.

ಮೊದಲು ಉಳಿದ ಲೇಬಲ್‌ಗಳನ್ನು ನೋಡಿದೆ. ಎಲ್ಲವೂ ಸರಿಯಾಗಿದ್ದವು. ಅಂದರೆ ನಮ್ಮ ರೇಡಾರ್ ಕೆಟ್ಟಿಲ್ಲ, ತೊಂದರೆ ಆ ವಿಮಾನದಿಂದ ರೇಡಾರ್‌ಗೆ ಉತ್ತರ ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿದೆ. ಕೂಡಲೇ ಎಟಿಆರ್‌ಗೆ 11,000 ಅಡಿಯ ಮಟ್ಟದಲ್ಲಿ ನಿಲ್ಲಲು ಹೇಳಿದೆ. ಆಮೇಲೆ ಟ್ರಾನ್ಸ್‌ಪಾಂಡರ್ ರೀಸೆಟ್ ಮಾಡಲು ಕೇಳಿದೆ.

ಚುಕ್ಕೆ ಉಳಿದು ಲೇಬಲ್ ಹೋದದ್ದು ಯಾಕೆ ಅಂತ ಹೇಳಬೇಕು. ನಮ್ಮಲ್ಲಿ ಎರಡು ರೇಡಾರ್‌ಗಳು ಒಂದೇ ಕಂಬದ ಮೇಲೆ ಒಟ್ಟಿಗೆ ತಿರುಗುತ್ತವೆ, ಸುಮಾರು ನಾಲ್ಕು ಸೆಕೆಂಡಿಗೆ ಒಂದು ಸುತ್ತು. ಪ್ರೈಮರಿ ರೇಡಾರ್ ಜೋರಾಗಿ ಒಂದು ಪಲ್ಸ್ ಬಿಟ್ಟು, ವಿಮಾನದ ಲೋಹದ ಮೈಗೆ ಬಡಿದು ವಾಪಸ್ ಬರುವ ಮಾರ್ದನಿಯನ್ನು ಕೇಳಿಸಿಕೊಳ್ಳುತ್ತದೆ. ಒಂದು ನಾಟಿಕಲ್ ಮೈಲಿ ಹೋಗಿ ಬರಲು ಸುಮಾರು 12.4 ಮೈಕ್ರೋಸೆಕೆಂಡ್ ಬೇಕು. ಆ ಲೆಕ್ಕದಿಂದ ದೂರ ಸಿಗುತ್ತದೆ, ಆಂಟೆನಾ ಯಾವ ಕಡೆ ಮುಖ ಮಾಡಿತ್ತೋ ಅದರಿಂದ ದಿಕ್ಕು ಸಿಗುತ್ತದೆ. ಅಷ್ಟೇ. ಯಾರು, ಎಷ್ಟು ಎತ್ತರ ಎನ್ನುವುದು ಅದಕ್ಕೆ ಗೊತ್ತಿಲ್ಲ. ಆದರೆ ವಿಮಾನದ ಸಹಕಾರವೂ ಅದಕ್ಕೆ ಬೇಕಿಲ್ಲ.

ಸೆಕೆಂಡರಿ ರೇಡಾರ್ ಮಾರ್ದನಿಗೆ ಕಾಯುವುದಿಲ್ಲ, ಪ್ರಶ್ನೆ ಕೇಳುತ್ತದೆ. 1030 ಮೆಗಾಹರ್ಟ್ಸ್‌ನಲ್ಲಿ ಒಂದು ಜೋಡಿ ಪಲ್ಸ್ ಹೋಗುತ್ತದೆ. ಆ ಎರಡರ ನಡುವೆ 8 ಮೈಕ್ರೋಸೆಕೆಂಡ್ ಅಂತರ ಇದ್ದರೆ ‘ನೀನು ಯಾರು?’ ಎಂದರ್ಥ, 21 ಇದ್ದರೆ ‘ಎಷ್ಟು ಎತ್ತರದಲ್ಲಿದ್ದೀಯ?’ ಎಂದರ್ಥ. ಮೊದಲನೆಯದು ಮೋಡ್ ಎ, ಎರಡನೆಯದು ಮೋಡ್ ಸಿ. ವಿಮಾನದ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ತನ್ನದೇ ಶಕ್ತಿಯಿಂದ ಉತ್ತರಿಸುತ್ತದೆ. ಅದಕ್ಕೇ ಕಡಿಮೆ ಶಕ್ತಿಯಲ್ಲಿ ಜಾಸ್ತಿ ದೂರ ಕಾಣುತ್ತದೆ. ಪ್ರೈಮರಿಯಲ್ಲಿ ದೂರ ಎರಡು ಪಟ್ಟಾದರೆ ಮಾರ್ದನಿ ಹದಿನಾರನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಇಲ್ಲಿ ಉತ್ತರ ಒಂದೇ ದಾರಿ ಪ್ರಯಾಣ ಮಾಡುವುದರಿಂದ ಅದು ಕಾಲು ಭಾಗಕ್ಕೆ ಮಾತ್ರ ಇಳಿಯುತ್ತದೆ. ಆದರೆ ವಿಮಾನ ಉತ್ತರ ಕೊಡದಿದ್ದರೆ ಸೆಕೆಂಡರಿಯ ಪಾಲಿಗೆ ಆ ವಿಮಾನವೇ ಇಲ್ಲ.

ಆ ಸಂಜೆ ಆದದ್ದು ಇದೇ. ಅದಕ್ಕಿಂತ ಹೆಚ್ಚು ಭಯ ತಂದದ್ದು ಇನ್ನೊಂದು ವಿಷಯ. ವಿಮಾನಗಳ ಡಿಕ್ಕಿ ತಪ್ಪಿಸುವ ಟಿಕಾಸ್ ಕೂಡ ಎದುರಿನ ಟ್ರಾನ್ಸ್‌ಪಾಂಡರ್‌ನ ಉತ್ತರವನ್ನೇ ನಂಬಿಕೊಂಡಿದೆ. ಎದುರಿನ ಪೈಲಟ್‌ಗೆ ಆ ಹೊತ್ತಿನಲ್ಲಿ ಎಟಿಆರ್ ಕಾಣುತ್ತಲೇ ಇರಲಿಲ್ಲ.

ನನಗೆ ಕಾಣುತ್ತಿದ್ದ ಚುಕ್ಕೆಯೂ ಪೂರ್ತಿ ನಂಬುವಂಥದ್ದಲ್ಲ. ಪ್ರೈಮರಿಗೆ ಮಳೆ ಮೋಡ, ಹಕ್ಕಿಗಳ ಗುಂಪು, ಬೆಟ್ಟ ಎಲ್ಲವೂ ಮಾರ್ದನಿ ಕೊಡುತ್ತವೆ. ನಿಂತ ವಸ್ತುಗಳನ್ನು ಡಾಪ್ಲರ್ ಲೆಕ್ಕದಿಂದ ತೆಗೆದುಹಾಕುತ್ತಾರೆ. ಆದರೆ ರೇಡಾರ್‌ಗೆ ಅಡ್ಡಲಾಗಿ ಹಾರುವ ವಿಮಾನ ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಹಾಗಾಗಿ ಬೆಟ್ಟದ ಜೊತೆಗೆ ಅದೂ ಕೆಲವೊಮ್ಮೆ ಅಳಿಸಿಹೋಗುತ್ತದೆ. ಅವತ್ತು ಹತ್ತಿರದಲ್ಲೇ ಮಳೆ ಮೋಡ ಇತ್ತು. ಎರಡು ಸುತ್ತು ಕಳೆಯುವಷ್ಟರಲ್ಲಿ ಪರದೆಯಲ್ಲಿ ಒಂದರ ಪಕ್ಕ ಒಂದು ಎರಡು ಚುಕ್ಕೆ ಕಂಡವು.

ಇಂಥ ಹೊತ್ತಿಗೆ ಇರುವುದು ಹಳೆಯ ವಿಧಾನ. ವಿಮಾನಕ್ಕೆ 30 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ತಿರುಗಲು ಹೇಳಿ, ಯಾವ ಚುಕ್ಕೆ ತಿರುಗುತ್ತದೆ ನೋಡುವುದು. ಎಟಿಆರ್ 310ರ ದಿಕ್ಕಿನಲ್ಲಿತ್ತು. ಎಡಕ್ಕೆ 270ಕ್ಕೆ ತಿರುಗಲು ಹೇಳಿದೆ. ನಿಮಿಷಕ್ಕೆ ನಾಲ್ಕು ಮೈಲಿ ಹೋಗುವ ವಿಮಾನ ಒಂದು ಸುತ್ತಿನಲ್ಲಿ ಕಾಲು ಮೈಲಿಗಿಂತ ಚೂರು ಜಾಸ್ತಿ ಸರಿಯುತ್ತದೆ. ಆದ್ದರಿಂದ ತಿರುವು ಸ್ಪಷ್ಟವಾಗಲು ಸುಮಾರು ಒಂದು ನಿಮಿಷ ಹಿಡಿಯಿತು. ಎಡಗಡೆಯ ಚುಕ್ಕೆ ಬಾಗಿತು. ಇನ್ನೊಂದು ಮಳೆಯ ಜೊತೆಗೇ ನಿಧಾನವಾಗಿ ತೇಲುತ್ತಿತ್ತು. ಆಗ ಎಟಿಆರ್ ಇದೇ ಅಂತ ಖಾತ್ರಿಯಾಯಿತು.

ಎತ್ತರ ಮಾತ್ರ ಪೈಲಟ್ ಬಾಯಿಂದಲೇ ಕೇಳಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಆಗ ದೆಹಲಿಯ ಕಂಟ್ರೋಲರ್‌ಗೆ ಇದ್ದದ್ದು ಪ್ರೈಮರಿ ರೇಡಾರ್ ಮಾತ್ರ. ಇಳಿಯುವ ವಿಮಾನಕ್ಕೆ 15,000 ಅಡಿ, ಏರುವ ವಿಮಾನಕ್ಕೆ 14,000 ಅಡಿ ಕೊಟ್ಟಿದ್ದರು. ಒಂದು ವಿಮಾನ ತನಗೆ ಕೊಟ್ಟ ಮಟ್ಟಕ್ಕಿಂತ ಕೆಳಗಿಳಿದದ್ದು ಪರದೆಯಲ್ಲಿ ಕಾಣುವ ದಾರಿಯೇ ಇರಲಿಲ್ಲ. ಎರಡು ಚುಕ್ಕೆ ಹತ್ತಿರ ಬರುತ್ತಿದ್ದರೂ ನಡುವೆ ಸಾವಿರ ಅಡಿ ಇದೆ ಅಂತಲೇ ನಂಬಬೇಕಿತ್ತು.

ಪೈಲಟ್ ಎರಡನೇ ಟ್ರಾನ್ಸ್‌ಪಾಂಡರ್‌ಗೆ ಬದಲಾಯಿಸಿದರು. ಲೇಬಲ್ ಮರಳಿತು. ಐಡೆಂಟ್ ಗುಂಡಿ ಒತ್ತಲು ಹೇಳಿದೆ. ಅದನ್ನು ಒತ್ತಿದರೆ ಉತ್ತರದ ಜೊತೆ ಕೆಲವು ಸೆಕೆಂಡ್ ಕಾಲ ಒಂದು ಪಲ್ಸ್ ಹೆಚ್ಚು ಬಂದು, ನಮ್ಮ ಪರದೆಯಲ್ಲಿ ಅದೊಂದೇ ಲೇಬಲ್ ಮಿನುಗುತ್ತದೆ. ಸರಿಯಾಗಿಯೇ ಮಿನುಗಿತು.

ಈ ಐಡೆಂಟ್ ಯಾಕೆ ಬೇಕು ಅಂದರೆ, ಮೋಡ್ ಎ ಉತ್ತರದಲ್ಲಿ ಬರುವ ಕೋಡ್ ತಾನಾಗಿ ಹೆಸರು ಹೇಳುವುದಿಲ್ಲ. ನಾಲ್ಕು ಅಂಕಿ, ಒಂದೊಂದೂ 0ರಿಂದ 7ರವರೆಗೆ. 8, 9 ಬರುವುದೇ ಇಲ್ಲ, ಯಾಕೆಂದರೆ ಒಂದೊಂದು ಅಂಕಿಗೂ ಮೂರೇ ಪಲ್ಸ್. ಒಟ್ಟು 4,096 ಕೋಡ್‌ಗಳು. ಯಾವ ಕೋಡ್ ಯಾರಿಗೆ ಕೊಟ್ಟಿದ್ದೇವೆ ಅಂತ ನಮ್ಮ ಕಂಪ್ಯೂಟರ್ ಫ್ಲೈಟ್ ಪ್ಲಾನ್ ಜೊತೆ ಹೊಂದಿಸಿ ಹೆಸರು ಬರೆಯುತ್ತದೆ. ಪೈಲಟ್ ಒಂದು ಅಂಕಿ ತಪ್ಪಿ ಹಾಕಿದರೆ ಬೇರೆಯವರ ಹೆಸರು ಬಂದು ಕೂತೀತು. 7500, 7600, 7700 ಈ ಮೂರಕ್ಕೆ ಎಲ್ಲ ಕಡೆ ಒಂದೇ ಅರ್ಥ: ಅಪಹರಣ, ರೇಡಿಯೋ ಕೆಟ್ಟಿದೆ, ತುರ್ತು. ಅದರಲ್ಲೂ 7700 ನೋಡಿದರೆ ಎಂಜಿನ್ ತೊಂದರೆಯೋ, ಒಳಗೆ ಯಾರಿಗಾದರೂ ಹುಷಾರಿಲ್ಲವೋ ಗೊತ್ತಾಗುವುದಿಲ್ಲ. ಕೇಳಿಯೇ ತಿಳಿಯಬೇಕು.

ಹೆಸರು ಸರಿ ಬಂತು. ಆದರೆ ಎತ್ತರ 116 ಅಂತ ತೋರಿಸಿತು. ಪೈಲಟ್ ಹೇಳುತ್ತಿದ್ದದ್ದು 110. ನಮಗೆ ಅಲ್ಲಿ 300 ಅಡಿಯವರೆಗಿನ ವ್ಯತ್ಯಾಸ ಒಪ್ಪಿಗೆ, ಇಲ್ಲಿ 600 ಇತ್ತು. ಮೇಲೆ 120ರಲ್ಲಿ ಇನ್ನೊಂದು ವಿಮಾನ. ಯಾವುದು ನಿಜ ಅಂತ ಗೊತ್ತಾಗುವವರೆಗೆ ಎತ್ತರವನ್ನು ನಂಬುವಂತಿಲ್ಲ. ಎದುರಿನ ವಿಮಾನವನ್ನು ಬಲಕ್ಕೆ ತಿರುಗಿಸಿ ಐದು ಮೈಲಿ ಅಂತರ ಇಟ್ಟುಕೊಂಡೆ.

ಮೋಡ್ ಸಿ ಯಾವಾಗಲೂ 1013.25 ಹೆಕ್ಟೋಪ್ಯಾಸ್ಕಲ್ ಗಾಳಿಯ ಒತ್ತಡದ ಆಧಾರದ ಎತ್ತರವನ್ನೇ ಕಳಿಸುತ್ತದೆ. ಪೈಲಟ್ ಆಲ್ಟಿಮೀಟರ್‌ನ ಒತ್ತಡದ ಗುಬುಟು ತಿರುಗಿಸಿದರೂ ಅದು ಬದಲಾಗುವುದಿಲ್ಲ. ಆದರೆ ಅವರ ಮುಂದಿನ ಆಲ್ಟಿಮೀಟರ್ ಓದು ಬದಲಾಗುತ್ತದೆ. ಅದಕ್ಕೇ ಮೊದಲು ಕೇಳಬೇಕಾದ್ದು ಅವರ ಸೆಟ್ಟಿಂಗ್. ಕೇಳಿದೆ. 1013 ಸರಿಯಾಗಿತ್ತು. ಮೂರು ಆಲ್ಟಿಮೀಟರ್‌ಗಳೂ 11,000 ಅಂತಲೇ ಹೇಳುತ್ತಿದ್ದವು. ಅಂದರೆ ಎರಡನೇ ಟ್ರಾನ್ಸ್‌ಪಾಂಡರ್ ಎತ್ತರವನ್ನು ತಪ್ಪಾಗಿ ಕಳಿಸುತ್ತಿದೆ.

ತಪ್ಪು ಎತ್ತರ ಖಾಲಿ ಜಾಗಕ್ಕಿಂತ ಅಪಾಯ, ಅಲ್ವಾ? ಪಕ್ಕದ ವಿಮಾನದ ಟಿಕಾಸ್ ಅದನ್ನೇ ನಂಬಿ ‘ಮೇಲೇರು’ ಅಂತ ಸುಮ್ನೆ ಒಂದು ಆಜ್ಞೆ ಕೊಡಬಹುದು. “ಸ್ಟಾಪ್ ಸ್ಕ್ವಾಕ್ ಚಾರ್ಲಿ, ರಾಂಗ್ ಇಂಡಿಕೇಶನ್” ಅಂದೆ, ಅಂದರೆ ಮೋಡ್ ಸಿ ನಿಲ್ಲಿಸಿ, ಎತ್ತರ ತಪ್ಪು ತೋರಿಸುತ್ತಿದೆ. ಎತ್ತರದ ಅಂಕಿ ಹೋಯಿತು, ಕೋಡ್ ಮತ್ತು ಹೆಸರು ಉಳಿದವು.

ಎರಡು ವಿಮಾನಗಳ ಚುಕ್ಕೆಗಳು ದಾಟಿ ದೂರವಾದ ಮೇಲೆ ಎಟಿಆರ್‌ಗೆ ಮೇಲೇರಲು ಅನುಮತಿ ಕೊಟ್ಟೆ. ಪ್ರತಿ ಸಾವಿರ ಅಡಿಗೂ ಬಾಯಲ್ಲಿ ವರದಿ ಮಾಡಲು ಹೇಳಿದೆ. ಮುಂದೆ ನೋಡಿಕೊಳ್ಳುವ ಸಹೋದ್ಯೋಗಿಗೆ ಫೋನ್ ಮಾಡಿದೆ. “ಸಾರ್, ಕೋಡ್ ಪರೀಕ್ಷೆ ಮಾಡಿದ್ದೇನೆ, ಸರಿ ಇದೆ. ಎತ್ತರ ಪರದೆಯಲ್ಲಿ ಬರಲ್ಲ, ಪೈಲಟ್ ಹೇಳಿದ್ದೇ ಲೆಕ್ಕ” ಅಂದೆ. ಅವರು ಅದನ್ನು ನನಗೇ ತಿರುಗಿ ಹೇಳಿ ಖಚಿತ ಮಾಡಿಕೊಂಡು, ವಿಮಾನದ ವಿವರವಿರುವ ಸ್ಟ್ರಿಪ್ ಮೇಲೆ ಬರೆದುಕೊಂಡು, ವಿಮಾನದ ಜವಾಬ್ದಾರಿ ತೆಗೆದುಕೊಂಡರು.