ಪಂಪ್ ಹೋಗಿರಲಿಲ್ಲ, ಹೇರ್‌ಪಿನ್ ಸಿಕ್ಕಿಕೊಂಡಿತ್ತು

ಭಾನುವಾರ ರಾತ್ರಿ ಬೆಡ್‌ಶೀಟು, ಟವೆಲ್ಲು ಎಲ್ಲ ಸೇರಿಸಿ ಮಷಿನ್‌ಗೆ ಹಾಕಿದ್ದೆ. ನಮ್ಮದು ಮುಂದಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್. ಹಿಂಡುವ ಹೊತ್ತಿಗೆ ಮಷಿನ್ ನಿಂತು ಬೀಪ್ ಬೀಪ್ ಅನ್ನತೊಡಗಿತು. ಡಿಸ್‌ಪ್ಲೇಯಲ್ಲಿ OE. ಒಳಗೆ ನೊರೆನೀರು ಹಾಗೇ ನಿಂತಿತ್ತು, ಬಾಗಿಲು ಲಾಕ್. ಸರ್ವಿಸ್‌ನವರಿಗೆ ಫೋನ್ ಮಾಡಿದರೆ, "ಪಂಪ್ ಹೋಗಿರ್ಬೇಕು ಸರ್, ಬದಲಾಯಿಸ್ಬೇಕು" ಎಂದರು. ಮಷಿನ್ ಮುಖವನ್ನೇ ನೋಡದೆ!

ಆ ಕೋಡ್ ಹೇಳುವುದು ಇಷ್ಟೇ: ಹೋಗಬೇಕಾದ ಸಮಯದೊಳಗೆ ನೀರು ಹೊರಗೆ ಹೋಗಲಿಲ್ಲ. ಕೆಲವು ಮಷಿನ್‌ಗಳಲ್ಲಿ ಇದೇ ಮಾತು 5C ಅಂತಲೋ E18 ಅಂತಲೋ ಬರುತ್ತದೆ. ನೀರು ಎಲ್ಲಿ ನಿಂತಿದೆ ಅನ್ನುವುದು ಮಷಿನ್‌ಗೂ ಗೊತ್ತಿಲ್ಲ. ಅದಕ್ಕೇ ನಾನು ನೀರು ಹೊರಬೀಳುವ ತುದಿಯಿಂದ ಶುರು ಮಾಡಿ ಹಿಂದಕ್ಕೆ ಬಂದೆ.

ನಮ್ಮ ಯುಟಿಲಿಟಿಯಲ್ಲಿ ಡ್ರೇನ್ ಪೈಪಿನ ತುದಿ ನೆಲದ ಜಾಲರಿಯೊಳಗೆ ಹೋಗುತ್ತದೆ. ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿಲ್ಲ ಅಂತ ಮೊದಲು ನೋಡಿದೆ. ಆಮೇಲೆ ಅದನ್ನು ಜಾಲರಿಯಿಂದ ತೆಗೆದು ಬಕೆಟ್‌ಗೆ ಹಿಡಿದು, ಸ್ಪಿನ್ ಮಾತ್ರ ಒತ್ತಿದೆ. ಮಷಿನ್ ಕರೆಂಟಿನಲ್ಲಿರುವುದರಿಂದ ನೆಲ ಒರೆಸಿ, ಕಾಲಿಗೆ ಚಪ್ಪಲಿ ಹಾಕಿಕೊಂಡೇ ಇದನ್ನು ಮಾಡಿದ್ದು. ಬಕೆಟ್‌ಗೆ ನೀರು ರಭಸವಾಗಿ ಬಂದರೆ ಮಷಿನ್ ಸರಿಯಾಗಿದೆ, ಕಟ್ಟಿಕೊಂಡಿರುವುದು ಮನೆಯ ಮೋರಿ ಅಂತ ಅರ್ಥ. ಆಗ ಬೇಕಾಗಿರೋದು ಪ್ಲಂಬರ್. ಪೈಪನ್ನು ಸ್ವಲ್ಪ ಎತ್ತರಕ್ಕೇ ಹಿಡಿಯಬೇಕು, ಯಾಕೆಂದರೆ ತೀರಾ ಕೆಳಗಿದ್ದರೆ ಪಂಪ್ ಓಡದಿದ್ದರೂ ನೀರು ತಾನಾಗಿ ಇಳಿದು ಬಂದು ನಮ್ಮನ್ನು ಏಮಾರಿಸುತ್ತದೆ.

ನಮ್ಮ ಮಷಿನ್‌ನಲ್ಲಿ ಗುಂಯ್ ಅನ್ನುವ ಸದ್ದು ಬಂತು, ನೀರು ಮಾತ್ರ ತೊಟ್ಟು ತೊಟ್ಟು. ಸದ್ದು ಬಂದದ್ದೇ ಸಮಾಧಾನ. ಪಂಪ್‌ಗೆ ಕರೆಂಟ್ ತಲುಪುತ್ತಿದೆ, ಏನೋ ಅಡ್ಡ ಇದೆ. ಸದ್ದೇ ಇಲ್ಲದಿದ್ದರೂ ಫಿಲ್ಟರ್ ಒಂದನ್ನು ನೋಡಬಹುದು, ಆದರೆ ಅದು ಶುದ್ಧವಾಗಿದ್ದರೆ ವೈರೋ ಮೋಟಾರೋ ಬೋರ್ಡೋ, ಅದು ನಮ್ಮ ಕೆಲಸವಲ್ಲ.

ಸ್ವಿಚ್ ಆಫ್ ಮಾಡಿ ಪ್ಲಗ್ಗನ್ನೇ ಕಿತ್ತೆ. ಬಿಸಿನೀರಿನಲ್ಲಿ ಒಗೆದಿದ್ದರಿಂದ ಒಂದು ಗಂಟೆ ಬಿಟ್ಟೆ. ಈ ಕಾಯುವಿಕೆ ಮುಖ್ಯ, ಒಳಗಿನ ನೀರು ಕೈ ಸುಡುತ್ತದೆ. ಮುಂದುಗಡೆ ಬಲಗಡೆ ಕೆಳಗೆ ಒಂದು ಪುಟ್ಟ ಮುಚ್ಚಳವಿದೆ. ಅದರೊಳಗೆ ಬೆರಳು ಗಾತ್ರದ ಸಣ್ಣ ಪೈಪು, ಪಕ್ಕದಲ್ಲಿ ತಿರುಗಿಸುವ ದೊಡ್ಡ ಫಿಲ್ಟರ್. ಎರಡು ವರ್ಷದ ಹಿಂದೆ ನಾನು ಸೀದಾ ಫಿಲ್ಟರನ್ನೇ ಬಿಚ್ಚಿ, ಅಡುಗೆಮನೆವರೆಗೂ ಹೊಳೆ ಹರಿಸಿ ಬೈಸಿಕೊಂಡಿದ್ದೆ. ಈ ಸಲ ಮೊದಲು ಸಣ್ಣ ಪೈಪಿನ ಬಿರಡೆ ತೆಗೆದು ಅಗಲವಾದ ತಟ್ಟೆಗೆ ನೀರು ಬಿಟ್ಟೆ. ತಟ್ಟೆ ತುಂಬಿದಾಗ ಬಿರಡೆ ಹಾಕೋದು, ಚೆಲ್ಲೋದು, ಮತ್ತೆ ಬಿಡೋದು. ಹತ್ತು ಹನ್ನೆರಡು ಸಲ ಆಯಿತು.

ನೀರು ನಿಂತ ಮೇಲೆ ಫಿಲ್ಟರನ್ನು ಎಡಕ್ಕೆ ನಿಧಾನವಾಗಿ ತಿರುಗಿಸಿ ತೆಗೆದೆ. ಕೂದಲು ಮತ್ತು ನೂಲು ಸೇರಿದ ಬೂದು ಬಣ್ಣದ ಲೋಳೆ, ಒಂದು ರೂಪಾಯಿ ನಾಣ್ಯ, ಬ್ಲೌಸಿನ ಹುಕ್ಕು. ಇಷ್ಟಕ್ಕೇ ತೃಪ್ತಿಪಟ್ಟು ಮುಚ್ಚಿಬಿಡುತ್ತಿದ್ದೆನೇನೋ. ಟಾರ್ಚ್ ಹಾಕಿ ಆ ಗೂಡಿನ ತುದಿ ನೋಡಿದರೆ ಪಂಪಿನ ಪುಟ್ಟ ರೆಕ್ಕೆ ಕಾಣುತ್ತದೆ. ಒಂದು ಹೇರ್‌ಪಿನ್ ಅದಕ್ಕೆ ಅಡ್ಡ ಸಿಕ್ಕಿತ್ತು, ಸುತ್ತ ಸೀರೆ ಕುಚ್ಚಿನ ನೂಲು. ಇಕ್ಕಳದಿಂದ ಎಳೆದೆ. ಆಮೇಲೆ ಪೆನ್ಸಿಲಿನಿಂದ ರೆಕ್ಕೆ ತಳ್ಳಿದರೆ ಹೆಜ್ಜೆ ಹೆಜ್ಜೆಯಾಗಿ ತಡೆದು ತಡೆದು ತಿರುಗಿತು. ಒಳಗಿನ ಅಯಸ್ಕಾಂತದಿಂದ ಹಾಗಾಗುತ್ತದೆ, ಕೆಟ್ಟಿದೆ ಅಂತಲ್ಲ. ಸ್ವಲ್ಪವೂ ಅಲುಗದಿದ್ದರೆ ಅಥವಾ ರೆಕ್ಕೆ ಮುರಿದಿದ್ದರೆ ಟೆಕ್ನಿಷಿಯನ್ ಬರಲೇಬೇಕು.

ಫಿಲ್ಟರ್ ತೊಳೆದು ತಿರುಪಿನ ಎಳೆ ಸೊಟ್ಟವಾಗದಂತೆ ಬಿಗಿ ಮಾಡಿ, ಬಿರಡೆ ಹಾಕಿ, ಪೈಪನ್ನು ಜಾಲರಿಗೆ ವಾಪಸ್ ಇಟ್ಟು, ಸ್ಪಿನ್ ಒತ್ತಿದೆ. ಐದು ನಿಮಿಷ ಮುಚ್ಚಳದ ಕೆಳಗೆ ಪೇಪರ್ ಹಾಸಿ ನೋಡಿದೆ, ಒದ್ದೆಯಾಗಲಿಲ್ಲ. ಮಷಿನ್ ಹಿಂಭಾಗ ಬಿಚ್ಚುವುದು, ಬಾಗಿಲನ್ನು ಮೀಟಿ ತೆಗೆಯುವುದು, ಕೋಡ್ ಹೋಗಲಿ ಅಂತ ಹತ್ತು ಸಲ ಆಫ್-ಆನ್ ಮಾಡುವುದು, ಇವ್ಯಾವುದಕ್ಕೂ ನಾನು ಕೈ ಹಾಕಲಿಲ್ಲ.

ಹನ್ನೊಂದೂವರೆಗೆ ಬೆಡ್‌ಶೀಟು ಹಿಂಡಿ ಮುಗಿಯಿತು. ಹೇರ್‌ಪಿನ್ ತೋರಿಸಿದರೆ ಹೆಂಡತಿ, "ಇದು ನಂದಲ್ಲ, ನಿಮ್ಮ ಅಕ್ಕ ಬಂದಾಗಿಂದು" ಎಂದಳು.